ನಡು ಕುಸಿಯುವ ಕೇಕು, ಅತ್ತಿಗೆಯ ಓಟಿಜಿ: ರಿಪೇರಿ ಮತ್ತು ಪರೀಕ್ಷೆಯ ದಾಖಲೆ

ಓವನ್ನು 30 ಲೀಟರಿನ ಓಟಿಜಿ, 1500 ವಾಟ್. ಮೇಲೆ ಎರಡು ರಾಡು, ಕೆಳಗೆ ಎರಡು ರಾಡು, ಥರ್ಮೋಸ್ಟಾಟ್ ನಾಬು, ಟೈಮರು, ಒಳಗೆ ಒಂದು ಪುಟ್ಟ ಬಲ್ಬು. ಅತ್ತಿಗೆಯದು. ದೂರು ಒಂದೇ: ಮೊಟ್ಟೆ ಹಾಕಿದ ಮಾಮೂಲಿ ವೆನಿಲ್ಲಾ ಕೇಕು ನಡುವೆ ಗುಂಡಿ ಬೀಳುತ್ತದೆ. ಅಂಚು ಚೆನ್ನಾಗಿ ಬೆಂದಿರುತ್ತದೆ, ಮೇಲೆ ಒಳ್ಳೆ ಬಣ್ಣ ಬಂದಿರುತ್ತದೆ. ಕತ್ತರಿಸಿದರೆ ಗುಂಡಿಯ ಕೆಳಗೆ ಮಾತ್ರ ಅಂಟಂಟಾದ ಒಂದು ಪದರ.

"ಬಾಗಿಲು ತೆಗೆದಿದ್ದಕ್ಕೇ ಹೀಗಾಗಿದ್ದು ಅಂತ ಎಲ್ಲರೂ ಹೇಳ್ತಾರಪ್ಪ. ತೆಗೀದೆ ಇದ್ರೆ ಬೆಂದಿದೆಯೋ ಇಲ್ವೋ ಹೇಗೆ ಗೊತ್ತಾಗ್ಬೇಕು?" ಅಂದರು ಅತ್ತಿಗೆ. ನ್ಯಾಯವಾದ ಪ್ರಶ್ನೆ. ಯಾಕೆಂದರೆ ಒಳಗಿನ ಬಲ್ಬು ಹೋಗಿತ್ತು, ಬಾಗಿಲಿನ ಗಾಜು ಜಿಡ್ಡು ಸುಟ್ಟು ಕಂದು ಬಣ್ಣಕ್ಕೆ ತಿರುಗಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ.

ಅವರು ಮಾಡುತ್ತಿದ್ದದ್ದು ಹೀಗೆ. ನಾಬು 180ಕ್ಕೆ. ಸೂಚಕ ದೀಪ ಆರಿದ ತಕ್ಷಣ, ಅಂದರೆ ಸುಮಾರು ಏಳು ನಿಮಿಷಕ್ಕೆ, ಟಿನ್ ಒಳಗೆ. ಹದಿನೈದನೇ ನಿಮಿಷದಿಂದ ಆಗಾಗ ಬಾಗಿಲು ತೆಗೆದು ನೋಡುವುದು. ಮೇಲೆ ಬಣ್ಣ ಬಂತು ಎಂದ ಕೂಡಲೇ, ಹೆಚ್ಚುಕಡಿಮೆ ಅರ್ಧ ಗಂಟೆಗೆ, ಹೊರಗೆ.

ಪರೀಕ್ಷೆಗೆ ಹಿಟ್ಟಿನ ಅಳತೆ ಒಂದೇ ಇಟ್ಟುಕೊಂಡೆ: ಮೈದಾ 150 ಗ್ರಾಂ, ಸಕ್ಕರೆ 150, ಬೆಣ್ಣೆ 120, ಮೊಟ್ಟೆ ಮೂರು, ಹಾಲು 60 ಮಿಲಿ, ಒಂದು ಚಮಚ ವೆನಿಲ್ಲಾ ಎಸೆನ್ಸ್, ಚಿಟಿಕೆ ಉಪ್ಪು. ಟಿನ್ ಏಳು ಇಂಚಿನ ದುಂಡನೆಯದು. ಬೇಕಿಂಗ್ ಪೌಡರ್ ವಿಷಯ ಆಮೇಲೆ ಬರುತ್ತದೆ. ಕೇಕು ಕೆಟ್ಟರೆ ಎಸೆಯಲಿಲ್ಲ. ಹೋಳು ಮಾಡಿ ಸಣ್ಣ ಉರಿಯಲ್ಲಿ ಒಣಗಿಸಿ ರಸ್ಕ್ ಮಾಡಿದೆವು. ಮನೆಯಲ್ಲಿ ರಸ್ಕು ಸಾಕಪ್ಪಾ ಸಾಕು ಅನ್ನುವಷ್ಟಾಯಿತು.

ಹಂತ 1: ಬಲ್ಬು ಮತ್ತು ಗಾಜು

ಮೊದಲು ಒಳಗೆ ಕಾಣುವಂತೆ ಮಾಡಬೇಕು. ಪ್ಲಗ್ ಕಿತ್ತು, ಓವನ್ ಪೂರ್ತಿ ತಣ್ಣಗಾದ ಮೇಲೆ ಬಲ್ಬಿನ ಗಾಜಿನ ಮುಚ್ಚಳ ತಿರುಗಿಸಿ ತೆಗೆದೆ. ಒಳಗೆ ಇ14 ಹೋಲ್ಡರ್, 15 ವಾಟಿನ ಬಲ್ಬು. ಹೊಸದನ್ನು ಕೊಳ್ಳುವಾಗ 300 ಡಿಗ್ರಿ ಎಂದು ಬರೆದಿರುವ ಓವನ್ ಬಲ್ಬನ್ನೇ ಕೇಳಿ. ಅದೇ ತಿರುಪಿನ ಎಲ್‌ಇಡಿ ಬಲ್ಬು ಹೋಲ್ಡರಿಗೆ ಸರಿಯಾಗಿ ಕೂರುತ್ತದೆ, ಆದರೆ ಓವನ್ನಿನ ಬಿಸಿಯನ್ನು ತಡೆಯುವುದಿಲ್ಲ. ನನಗೆ 180 ರೂಪಾಯಿ ಬಿತ್ತು.

ಗಾಜಿಗೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಮಂದವಾಗಿ ಬಳಿದು, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಪ್ಲಾಸ್ಟಿಕ್ ಚೂರಿನಿಂದ ಕೆರೆದು ಒರೆಸಿದೆ. ಸ್ಟೀಲ್ ಉಜ್ಜುಗ ಹಾಕಲಿಲ್ಲ, ಗಾಜಿಗೆ ಗೀರು ಬೀಳುತ್ತದೆ. ಎಲ್ಲ ಹೋಗಲಿಲ್ಲ, ಆದರೆ ಕೇಕಿನ ಮೇಲ್ಭಾಗ ಸ್ಪಷ್ಟವಾಗಿ ಕಾಣುವಷ್ಟು ತಿಳಿಯಾಯಿತು. ಇಡೀ ಕೆಲಸದಲ್ಲಿ ಅತಿ ಅಗ್ಗದ, ಅತಿ ಹೆಚ್ಚು ಉಪಯೋಗಕ್ಕೆ ಬಂದ ರಿಪೇರಿ ಇದೇ.

ಹಂತ 2: ಖಾಲಿ ಓವನ್ನಿನ ಬಿಸಿ ಅಳೆದದ್ದು

ನನ್ನ ಮಲ್ಟಿಮೀಟರಿನ ಜೊತೆ ಬಿಸಿ ಅಳೆಯುವ ಕೆ-ಟೈಪ್ ಥರ್ಮೋಕಪಲ್ ಬಂದಿತ್ತು. ತೆಳ್ಳಗಿನ ತಂತಿ, ತುದಿಯಲ್ಲಿ ಸಾಸಿವೆಯಷ್ಟು ಮಣಿ. ತಂತಿ ಬಾಗಿಲಿನ ಸಂದಿಯಲ್ಲಿ ತೂರುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಇಂಥ ತಂತಿಗಳು ಸಾಮಾನ್ಯವಾಗಿ 250 ಡಿಗ್ರಿಯವರೆಗೆ ತಡೆಯುತ್ತವೆ. ಕೇಕಿನ ಕೆಲಸಕ್ಕೆ ಸಾಕು. ಇದರ ಜೊತೆಗೆ 400 ರೂಪಾಯಿಗೆ ಮುಳ್ಳಿನ ಓವನ್ ಥರ್ಮಾಮೀಟರ್ ಒಂದನ್ನೂ ತಂದೆ.

ಮೊದಲ ಅಳತೆ ಸುಳ್ಳು ಹೇಳಿತು. ಮಣಿಯನ್ನು ಸುಮ್ನೆ ನಡುವೆ ನೇತುಹಾಕಿದ್ದೆ. ನಾಬು 180ರಲ್ಲಿದ್ದಾಗ ಮೀಟರು 240 ತೋರಿಸಿತು. ಥರ್ಮೋಸ್ಟಾಟ್ ಪೂರ್ತಿ ಕೆಟ್ಟಿದೆ ಅಂತ ತೀರ್ಮಾನಿಸುವವನಿದ್ದೆ. ಆದರೆ ರಾಡು ಕೆಂಪಾದಾಗಲೆಲ್ಲ ಅಂಕಿ ಜಿಗಿಯುತ್ತಿತ್ತು, ಆರಿದ ಕೂಡಲೇ ಇಳಿಯುತ್ತಿತ್ತು. ಗಾಳಿಯ ಬಿಸಿ ಅಷ್ಟು ಬೇಗ ಹಾರುವುದಿಲ್ಲ. ಮಣಿಗೆ ರಾಡಿನ ಝಳ ನೇರವಾಗಿ ಬಡಿಯುತ್ತಿತ್ತು. ಮಣಿಯನ್ನು ಮುಟ್ಟದ ಹಾಗೆ ಮೇಲೆ ಕೆಳಗೆ ಅಲ್ಯೂಮಿನಿಯಂ ಹಾಳೆಯ ಮರೆ ಕಟ್ಟಿದೆ. ಆಗ ಅಂಕಿ ಸಾವಧಾನಕ್ಕೆ ಬಂತು.

ಮರೆ ಕಟ್ಟಿದ ಮೇಲೆ ಕಂಡದ್ದು: ನಾಬು 180ರಲ್ಲಿ ಇದ್ದರೆ ಬಿಸಿ 190ಕ್ಕೂ 220ಕ್ಕೂ ನಡುವೆ ಏರಿಳಿಯುತ್ತದೆ, ಸರಾಸರಿ 205. ನಾಬು 150ರಲ್ಲಿ ಇದ್ದರೆ ಸರಾಸರಿ 172. ಅಂದರೆ ಓವನ್ನು ನಾಬಿಗಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಜಾಸ್ತಿ ಓಡುತ್ತಿದೆ. ಏರಿಳಿತವೇನೂ ದೋಷವಲ್ಲ. ಥರ್ಮೋಸ್ಟಾಟ್ ಕೆಲಸ ಮಾಡುವುದೇ ರಾಡನ್ನು ಹತ್ತಿಸಿ ಆರಿಸಿ. ಸರಾಸರಿ ಎಲ್ಲಿದೆ ಅನ್ನುವುದೇ ಮುಖ್ಯ.

ಥರ್ಮಾಮೀಟರ್ ಇಲ್ಲದವರಿಗೆ ಸಕ್ಕರೆಯ ಪರೀಕ್ಷೆ ಇದೆ. ಅದನ್ನೂ ಮಾಡಿ ನೋಡಿದೆ. ಸಕ್ಕರೆ ಕರಗುವುದು 186 ಡಿಗ್ರಿಯ ಹತ್ತಿರ. ಚೆನ್ನಾಗಿ ಕಾದ ಓವನ್ನಿನ ನಡುವಿನ ಜಾಲರಿಯ ಮೇಲೆ ಹಾಳೆಯಲ್ಲಿ ಒಂದು ಚಮಚ ಸಕ್ಕರೆ ಇಟ್ಟು ಹದಿನೈದು ನಿಮಿಷ ಬಿಡಬೇಕು. ನಿಜಕ್ಕೂ 175 ಇದ್ದರೆ ಹರಳು ಹರಳಾಗಿಯೇ ಇರುತ್ತದೆ. 190 ದಾಟಿದ್ದರೆ ಕರಗುತ್ತದೆ. ಇಲ್ಲಿ ನಾಬು 180ರಲ್ಲಿ ಸಕ್ಕರೆ ಕರಗಿ ಕಂದು ಪಾಕವಾಗಿತ್ತು. 150ರಲ್ಲಿ ಹರಳು ಹಾಗೇ ಇತ್ತು. ಮೀಟರು ಹೇಳಿದ್ದಕ್ಕೆ ತಾಳೆಯಾಯಿತು.

ಥರ್ಮೋಸ್ಟಾಟ್ ಬದಲಿಸಲಿಲ್ಲ. ಹೊಸದು ಹಾಕಿದರೂ ಅದು ನಾಬಿನ ಅಂಕಿಗೆ ಸರಿಯಾಗಿಯೇ ಹೊಂದುತ್ತದೆ ಅನ್ನುವ ಖಾತ್ರಿ ಇಲ್ಲ. ಅದರ ಬದಲು ನಾಬಿನ ಸುತ್ತ ಕಾಗದದ ಟೇಪು ಅಂಟಿಸಿ, ಅಳೆದ ಬಿಸಿಯನ್ನು ಪೆನ್ನಿನಲ್ಲಿ ಬರೆದೆ. ಇನ್ನು ಮುಂದೆ ನಾನು ಬರೆಯುವ ಡಿಗ್ರಿಗಳೆಲ್ಲ ಈ ಟೇಪಿನವು, ನಾಬಿನವಲ್ಲ.

ಹಂತ 3: ಅತ್ತಿಗೆ ಮಾಡುವ ಹಾಗೇ ಮಾಡಿ ನೋಡಿದ್ದು

ಈಗ ಗಾಜಿನಲ್ಲಿ ಕಾಣುತ್ತದೆ, ಹಾಗಾಗಿ ಕೇಕು *ಯಾವಾಗ* ಕುಸಿಯುತ್ತದೆ ಅಂತ ನೋಡಬಹುದು. ಒಳಗೇ ಕುಸಿಯುತ್ತದೋ, ಹೊರಗೆ ತೆಗೆದ ಮೇಲೋ? ಇದನ್ನು ತಿಳಿಯದೆ ಕಾರಣ ಹುಡುಕುವುದು ವ್ಯರ್ಥ. ಎರಡರ ಕಾರಣಗಳೂ ಬೇರೆ ಬೇರೆ.

ಥರ್ಮೋಕಪಲ್ ಮಣಿಯನ್ನು ಹಿಟ್ಟಿನ ನಟ್ಟನಡುವೆ ಇಳಿಬಿಟ್ಟೆ. ತಂತಿ ಅಲ್ಲಾಡದಿರಲಿ ಅಂತ ಟಿನ್ನಿನ ಮೇಲೆ ಅಡ್ಡಲಾಗಿ ಒಂದು ಉಕ್ಕಿನ ಕಡ್ಡಿ ಇಟ್ಟು ಕಟ್ಟಿದೆ. ಉಳಿದದ್ದೆಲ್ಲ ಅತ್ತಿಗೆಯ ಕ್ರಮದಲ್ಲೇ: ನಾಬು 180, ದೀಪ ಆರಿದ ಕೂಡಲೇ ಟಿನ್ ಒಳಗೆ, ಹದಿನೈದಕ್ಕೆ, ಇಪ್ಪತ್ತಕ್ಕೆ, ಇಪ್ಪತ್ತೈದಕ್ಕೆ ಬಾಗಿಲು.

ಅಂಚು ಬೇಗ ಗಟ್ಟಿಯಾಯಿತು. ನಡು ಉಬ್ಬಿ ಸ್ವಲ್ಪ ಬಿರುಕು ಬಿಟ್ಟಿತು. 28ನೇ ನಿಮಿಷಕ್ಕೆ ಮೇಲೆ ಒಳ್ಳೆ ಕಂದು. ಯಾರು ನೋಡಿದರೂ ಆಯ್ತು ಅನ್ನುವಂತಿತ್ತು. ಆದರೆ ನಡುವಿನ ಬಿಸಿ 84 ಡಿಗ್ರಿ ಮಾತ್ರ. ಹೊರಗೆ ತೆಗೆದು ಕಟ್ಟೆಯ ಮೇಲಿಟ್ಟೆವು. ಆಗ ನಡು ಅಂಚಿಗಿಂತ ಎತ್ತರವಾಗಿತ್ತು. ನೋಡನೋಡುತ್ತಲೇ ಇಳಿಯಿತು. ಹತ್ತು ನಿಮಿಷದಲ್ಲಿ ಅಂಚಿಗಿಂತ ಒಂದೂವರೆ ಸೆಂಟಿಮೀಟರ್ ಕೆಳಗೆ ಹೋಯಿತು.

ಅಂದರೆ ಅತ್ತಿಗೆಯ ಕೇಕು ಓವನ್ನಿನಲ್ಲಿ ಕುಸಿಯುತ್ತಿರಲಿಲ್ಲ. ಕಟ್ಟೆಯ ಮೇಲೆ ಕುಸಿಯುತ್ತಿತ್ತು. ಬೇಯದ ಕೇಕು.

ಯಾಕೆ ಹಾಗೆ ಅನ್ನುವುದನ್ನು ಎರಡೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಬೇಯದ ಹಿಟ್ಟಿನಲ್ಲಿರುವ ಒಂದೊಂದು ಗುಳ್ಳೆಯೂ ಮುಚ್ಚಿದ ಪುಟ್ಟ ಬಲೂನು. ಬಿಸಿಗೆ ಒಳಗಿನ ಗಾಳಿ, ಆವಿ ಹಿಗ್ಗುತ್ತವೆ, ತಣ್ಣಗಾದರೆ ಕುಗ್ಗುತ್ತವೆ, ಜೊತೆಗೆ ಗೋಡೆಯೂ ಒಳಗೆ ಬರುತ್ತದೆ. ಮೈದಾದ ಪಿಷ್ಟ ನೀರು ಕುಡಿದು ಉಬ್ಬಿ, ಮೊಟ್ಟೆ ಗಟ್ಟಿಯಾದ ಮೇಲೆ ಗೋಡೆ ನಿಲ್ಲುತ್ತದೆ. ಗುಳ್ಳೆಗಳು ಒಂದಕ್ಕೊಂದು ತೆರೆದುಕೊಳ್ಳುತ್ತವೆ. ಆಮೇಲೆ ತಣ್ಣಗಾದರೂ ಹೊರಗಿನ ಗಾಳಿ ಒಳಗೆ ಬರುತ್ತದೆ, ಕೇಕು ನಿಲ್ಲುತ್ತದೆ. ಸಕ್ಕರೆ ಜಾಸ್ತಿ ಇದ್ದಷ್ಟೂ ಈ ಗಟ್ಟಿಯಾಗುವಿಕೆ ತಡವಾಗುತ್ತದೆ. ಬಿಸಿ ಅಂಚಿನಿಂದ ಒಳಗೆ ಬರುವುದರಿಂದ ನಡುವಿಗೆ ಸರದಿ ಕೊನೆಗೆ. ಗುಂಡಿ ಯಾವಾಗಲೂ ನಡುವಲ್ಲೇ ಬೀಳುವುದು ಅದಕ್ಕೇ.

ಕುಸಿದ ಕೇಕನ್ನು ಮತ್ತೆ ಓವನ್ನಿಗೆ ಇಟ್ಟೂ ನೋಡಿದೆ. ಒಳಗೆ ಬೆಂದಿತು, ಆದರೆ ಮೇಲೇಳಲಿಲ್ಲ. ಗುಂಡಿ ಗುಂಡಿಯಾಗಿಯೇ ಬೆಂದಿತು.

ಹಂತ 4: ಬಾಗಿಲು ತೆಗೆದಾಗ ಖಾಲಿ ಓವನ್ನಿನಲ್ಲಿ ಏನಾಗುತ್ತದೆ

ಇದು ಎಲ್ಲಕ್ಕಿಂತ ಹೆಚ್ಚು ಕಲಿಸಿದ ಹಂತ. ಟೇಪಿನಲ್ಲಿ 175ಕ್ಕೆ ಇಟ್ಟು, ಬಾಗಿಲನ್ನು 30 ಸೆಕೆಂಡು ಪೂರ್ತಿ ತೆರೆದು ಮುಚ್ಚಿದೆ. ಒಮ್ಮೆ, ದೀಪ ಮೊದಲ ಸಲ ಆರಿದ ಕೂಡಲೇ. ಇನ್ನೊಮ್ಮೆ, ಇಪ್ಪತ್ತು ನಿಮಿಷ ಕಾದ ಮೇಲೆ.

ದೀಪ ಆರಿದ ಕೂಡಲೇ ತೆರೆದಾಗ ಬಿಸಿ 95ಕ್ಕೆ ಇಳಿಯಿತು. ಮುಚ್ಚಿ ಒಂದು ನಿಮಿಷ ಆದರೂ 118. ಮತ್ತೆ 170ರ ಹತ್ತಿರ ಬರಲು ಐದು ನಿಮಿಷ ಬೇಕಾಯಿತು. ಇಪ್ಪತ್ತು ನಿಮಿಷ ಕಾದ ಓವನ್ನಿನಲ್ಲಿ 110ಕ್ಕೆ ಇಳಿದದ್ದು ಒಂದೇ ನಿಮಿಷದಲ್ಲಿ 150ಕ್ಕೆ ಏರಿತು, ಎರಡೂವರೆ ನಿಮಿಷಕ್ಕೆ 172.

ವ್ಯತ್ಯಾಸ ಓವನ್ನಿನ ಗೋಡೆಯದು. 30 ಲೀಟರ್ ಬಿಸಿ ಗಾಳಿಯ ತೂಕ ಎಷ್ಟು ಅಂದುಕೊಂಡಿರಿ? 23 ಗ್ರಾಂ ಆಸುಪಾಸು. ಅಷ್ಟನ್ನು ಮತ್ತೆ ಕಾಯಿಸಲು 1500 ವಾಟಿನ ರಾಡಿಗೆ ಎರಡು ಮೂರು ಸೆಕೆಂಡಿನ ಕೆಲಸ. ಹೊರಗೆ ಹೋದ ಗಾಳಿ ದೊಡ್ಡ ನಷ್ಟವೇ ಅಲ್ಲ. ತಗಡು, ಜಾಲರಿ, ತಟ್ಟೆ ಇವು ಬಿಸಿಯನ್ನು ಹಿಡಿದಿಟ್ಟುಕೊಂಡಿದ್ದರೆ ಓವನ್ನು ಬೇಗ ಚೇತರಿಸಿಕೊಳ್ಳುತ್ತದೆ. ದೀಪ ಮೊದಲ ಸಲ ಆರಿದಾಗ ಗಾಳಿ ಕಾದಿರುತ್ತದೆ, ತಗಡು ಕಾದಿರುವುದಿಲ್ಲ. ಟಿನ್ ಇಡಲು ಬಾಗಿಲು ತೆಗೆದ ಆ ಮೊದಲ ಸಲವೇ ಎಲ್ಲ ಸೋರಿಹೋಗುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಬಲ್ಬಿನ ಬೆಳಕಲ್ಲಿ ಕಂಡಿತು. ಬಾಗಿಲು ತೆರೆದು ಮುಚ್ಚಿದ ಮೇಲೆ ಥರ್ಮೋಸ್ಟಾಟಿಗೆ ತಣ್ಣಗಾಗಿದೆ ಅಂತ ತಿಳಿಯುತ್ತದೆ. ಎಲ್ಲ ರಾಡೂ ಒಟ್ಟಿಗೆ ಹತ್ತಿ ಕೆಂಪಾಗುತ್ತವೆ, ಒಂದೆರಡು ನಿಮಿಷ ಎಡೆಬಿಡದೆ ಉರಿಯುತ್ತವೆ. ಓಟಿಜಿಯಲ್ಲಿ ಮೇಲಿನ ರಾಡು ಕೇಕಿನ ತಲೆಯಿಂದ ಕೆಲವೇ ಇಂಚು ದೂರ. ಆ ಝಳಕ್ಕೆ ಮೇಲ್ಭಾಗ ಕಂದಾಗುತ್ತದೆ. ಒಳಗಿನ ಬೇಯುವಿಕೆ ಹಿಂದೆ ಬಿದ್ದಿದೆ, ಮೇಲಿನ ಬಣ್ಣ ಮುಂದೆ ಓಡಿದೆ! ನೋಡುವವರಿಗೆ ಕೇಕು ಬೆಂದ ಹಾಗೆ ಕಾಣುತ್ತದೆ, ಬೇಗ ತೆಗೆಯುತ್ತಾರೆ. ಬಾಗಿಲು ತೆಗೆದರೆ ಕೇಕು ಕುಸಿಯುತ್ತದೆ ಅನ್ನುವ ಮಾತು ನಮ್ಮ ಓಟಿಜಿಗಳಲ್ಲಿ ಹೆಚ್ಚಾಗಿ ಈ ಸುತ್ತುದಾರಿಯಲ್ಲಿ ನಿಜವಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಮುಳ್ಳಿನ ಥರ್ಮಾಮೀಟರಿನ ಬಗ್ಗೆ ಒಂದು ಎಚ್ಚರಿಕೆ. ಅದೇ 30 ಸೆಕೆಂಡಿನಲ್ಲಿ ಅದು 15 ಡಿಗ್ರಿ ಮಾತ್ರ ಇಳಿಯಿತು. ಅದರ ಮೈ ದಪ್ಪ ಲೋಹ, ನಿಧಾನ. ಸರಾಸರಿ ತಿಳಿಯಲು ಒಳ್ಳೆಯದು, ಬಾಗಿಲಿನ ಪರೀಕ್ಷೆಗೆ ಬರುವುದಿಲ್ಲ.

ಸಂಜೆ ಹೊತ್ತು ಎಲ್ಲವೂ ಇನ್ನಷ್ಟು ನಿಧಾನವಾಯಿತು. ಮೀಟರಿನಲ್ಲಿ ನೋಡಿದರೆ ಮನೆಯ ವೋಲ್ಟೇಜು 205 ಇತ್ತು. 230ಕ್ಕೆ ಮಾಡಿದ 1500 ವಾಟಿನ ರಾಡು 205 ವೋಲ್ಟಿನಲ್ಲಿ ಕೊಡುವುದು 1200 ವಾಟ್ ಕೂಡ ಇಲ್ಲ. ಸಂಜೆ ಕೇಕು ಮಾಡುವವರು ಕಾಯಿಸುವ ಹೊತ್ತನ್ನು ಇನ್ನೂ ಐದು ನಿಮಿಷ ಜಾಸ್ತಿ ಇಟ್ಟುಕೊಳ್ಳಿ.

ಹಂತ 5: ಬಾಗಿಲಿನ ಪರೀಕ್ಷೆ, ಈ ಸಲ ಕೇಕಿನ ಜೊತೆ

ಟೇಪಿನ 175, ಇಪ್ಪತ್ತು ನಿಮಿಷ ಕಾಯಿಸಿದ ಓವನ್. ಬೇಕಿಂಗ್ ಪೌಡರ್ ಕಡಿಮೆ ಮಾಡಿದ ಅಳತೆ, ಅದರ ಕಥೆ ಏಳನೇ ಹಂತದಲ್ಲಿ.

ಬಾಗಿಲನ್ನೇ ತೆರೆಯದ ಕೇಕು: ನಡು 5.4 ಸೆಂಟಿಮೀಟರ್ ಎದ್ದಿತು, ತಣ್ಣಗಾದ ಮೇಲೆ 5.1. ಇಷ್ಟು ಇಳಿಯುವುದು ಸಹಜ, ಎಲ್ಲ ಕೇಕೂ ಸ್ವಲ್ಪ ಕುಗ್ಗುತ್ತದೆ. ನಡುವಿನ ಬಿಸಿ ಹತ್ತನೇ ನಿಮಿಷದಲ್ಲಿ 38, ಇಪ್ಪತ್ತಕ್ಕೆ 66, ಮೂವತ್ತಕ್ಕೆ 88, ನಲವತ್ತಕ್ಕೆ 96.

ಈ ನಾಲ್ಕು ಅಂಕಿಗಳನ್ನು ನೋಡಿದರೆ ಬಾಗಿಲಿನ ಉತ್ತರ ಅರ್ಧ ಸಿಕ್ಕ ಹಾಗೆ. ಇಪ್ಪತ್ತನೇ ನಿಮಿಷದಲ್ಲಿ ಕೇಕು ಎತ್ತರಕ್ಕೆ ಎದ್ದಿರುತ್ತದೆ, ಆದರೆ ನಡು ಇನ್ನೂ ಹಿಟ್ಟು. ಗಾಜಿನಲ್ಲಿ ನೋಡಿದರೆ ನಡು ಹೊಳೆಯುತ್ತಿರುತ್ತದೆ. ಮೂವತ್ತರ ಹೊತ್ತಿಗೆ ಹೊಳಪು ಹೋಗಿ ಮಂಕಾಗುತ್ತದೆ.

ಹನ್ನೆರಡನೇ ನಿಮಿಷದಲ್ಲಿ ಬಾಗಿಲು ತೆಗೆದು, ಜಾಲರಿಯನ್ನು ಮುಂದಕ್ಕೆ ಎಳೆದು, ಒಂದು ನಿಮಿಷ ಹಾಗೇ ಬಿಟ್ಟ ಕೇಕು: ನಡು ಕಣ್ಣೆದುರೇ ತಗ್ಗಿತು. ಕೊನೆಗೆ ಅಂಚು 5, ನಡು 4.3. ಪೂರ್ತಿ ಬೆಂದಿತ್ತು, ಅಂಟು ಇರಲಿಲ್ಲ, ಆದರೂ ಬಟ್ಟಲಿನ ಆಕಾರ. ಇದು ನಿಜವಾದ ಬಾಗಿಲಿನ ಗುಂಡಿ.

ಅದೇ ಹನ್ನೆರಡನೇ ನಿಮಿಷದಲ್ಲಿ ಐದು ಸೆಕೆಂಡು ಮಾತ್ರ ತೆಗೆದು ಮೆಲ್ಲಗೆ ಮುಚ್ಚಿದಾಗ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇಲ್ಲ. ಮೂವತ್ತೆರಡನೇ ನಿಮಿಷದಲ್ಲಿ ಅರ್ಧ ನಿಮಿಷ ತೆಗೆದು ಕಡ್ಡಿ ಚುಚ್ಚಿ ನೋಡಿದ ಕೇಕು ಕೂಡ ತೆರೆಯದ ಕೇಕಿನಷ್ಟೇ ಎತ್ತರ ನಿಂತಿತು. ಬಾಗಿಲು ಮುಟ್ಟಿದರೇ ಕೇಕು ಹೋಯಿತು ಅಂತ ಹೆದರುವುದು ಬೇಡ. ಮೊದಲ ಮುಕ್ಕಾಲು ಭಾಗ ತೆಗೆಯಬೇಡಿ, ಟಿನ್ನನ್ನು ಎಳೆಯಬೇಡಿ. ಕೊನೆಯ ಕಾಲು ಭಾಗದಲ್ಲಿ ನೋಡಿ ಬೇಗ ಮುಚ್ಚಿ.

ಈ ನಡುವೆ ಒಂದು ಸಲ ಕರೆಂಟು ಹೋಯಿತು, ಕೇಕು ಒಳಗಿದ್ದಾಗಲೇ, ಇಪ್ಪತ್ತನೇ ನಿಮಿಷಕ್ಕೆ. ಬಾಗಿಲು ಮುಟ್ಟಲಿಲ್ಲ. ಐದು ನಿಮಿಷದಲ್ಲಿ ಒಳಗಿನ ಬಿಸಿ 175ರಿಂದ 125ಕ್ಕೆ ಇಳಿಯಿತು. ಕರೆಂಟು ಬಂದ ಮೇಲೆ ಎಂಟು ನಿಮಿಷ ಜಾಸ್ತಿ ಬೇಯಿಸಿದೆ. ಕೇಕಿನ ತಲೆ ಸ್ವಲ್ಪ ಚಪ್ಪಟೆಯಾಯಿತು, ಗುಂಡಿ ಬೀಳಲಿಲ್ಲ. ಕರೆಂಟು ಹೋದರೆ ಮಾಡಬೇಕಾದದ್ದು ಇಷ್ಟೇ: ಕೈ ಕಟ್ಟಿಕೊಂಡು ನಿಲ್ಲುವುದು.

ಹಂತ 6: ಉರಿ ಕಡಿಮೆಯಾದರೆ

ಮೇಲೆ ಬೇಗ ಕಂದಾಗುತ್ತದೆ ಅಂತ ಅತ್ತಿಗೆ ಹಿಂದೆ ಉರಿ ತುಂಬಾ ಇಳಿಸಿಯೂ ನೋಡಿದ್ದರಂತೆ. ಆಗಲೂ ಗುಂಡಿ. ಅದನ್ನೂ ಪರೀಕ್ಷಿಸಿದೆ, ಟೇಪಿನ 145ರಲ್ಲಿ.

ಹಿಟ್ಟು ಸಾವಕಾಶವಾಗಿ ಎದ್ದಿತು. ಮೇಲೆ ಸಣ್ಣ ಗುಳ್ಳೆಗಳು ಬಂದು ಒಡೆಯುತ್ತಿದ್ದದ್ದು ಗಾಜಿನಲ್ಲೇ ಕಾಣುತ್ತಿತ್ತು. ಮೂವತ್ತೈದನೇ ನಿಮಿಷದ ಹೊತ್ತಿಗೆ, ಬಾಗಿಲು ತೆರೆಯದೇ ಇದ್ದರೂ, ನಡು ಮೆಲ್ಲಗೆ ತಗ್ಗಿತು. ಬೇಕಿಂಗ್ ಪೌಡರಿನ ಗಾಳಿ ಎಲ್ಲ ಎದ್ದು ಹೋದ ಮೇಲೂ ಹಿಡಿದುಕೊಳ್ಳಲು ಗೋಡೆ ಗಟ್ಟಿಯಾಗಿರಲಿಲ್ಲ. ಬೇಯಲು ಒಂದು ಗಂಟೆ ಹಿಡಿಯಿತು. ತಲೆ ಬಿಳಚಿಕೊಂಡಿತ್ತು, ಒಳಗೆ ದೊಡ್ಡ ದೊಡ್ಡ ತೂತು, ಅಂಚು ಒಣಕಲು.

ಹಾಗಾಗಿ ಗುಂಡಿ ನೋಡಿ ಉರಿಯನ್ನು ಹೇಳಬಹುದು. ಮೇಲೆ ಗಾಢ ಕಂದು, ಬಿರುಕು, ಒಳಗೆ ಅಂಟು ಪದರ, ಹೊರಗೆ ತೆಗೆದ ಮೇಲೆ ಕುಸಿತ: ಉರಿ ಜಾಸ್ತಿ, ಬೇಗ ತೆಗೆದದ್ದು. ಮೇಲೆ ಬಿಳಚು, ಒಳಗೆ ದೊಡ್ಡ ತೂತು, ಓವನ್ನಿನಲ್ಲೇ ಕುಸಿತ: ಉರಿ ಕಡಿಮೆ. ಆದರೆ ಎರಡನೆಯದಕ್ಕೆ ಇನ್ನೊಂದು ಅಪರಾಧಿಯೂ ಇದೆ.

ಹಂತ 7: ಬೇಕಿಂಗ್ ಪೌಡರ್

ಅತ್ತಿಗೆಯ ಅಳತೆ ಎರಡು ಚಮಚ, ಗೋಪುರ ಕಟ್ಟಿ. ಉರಿ ಸರಿ ಮಾಡಿ, ಬಾಗಿಲು ಮುಚ್ಚಿಟ್ಟು ಮಾಡಿದರೂ ಈ ಅಳತೆಯ ಕೇಕು ಹದಿನೆಂಟನೇ ನಿಮಿಷಕ್ಕೆ ಟಿನ್ನಿನ ಬಾಯಿ ಮುಟ್ಟಿ, ಇಪ್ಪತ್ತೆಂಟಕ್ಕೆ ಇಳಿದುಹೋಯಿತು. ಗುಳ್ಳೆಗಳು ಹಿಗ್ಗಿ ಒಂದರೊಳಗೊಂದು ಸೇರಿ ಮೇಲೆ ಬಂದು ಒಡೆದವು. ರುಚಿಯಲ್ಲೂ ಸ್ವಲ್ಪ ಸೋಡಾ ಕಹಿ.

ಸಾಮಾನ್ಯ ಲೆಕ್ಕ ಒಂದು ಕಪ್ ಮೈದಾಕ್ಕೆ, ಅಂದರೆ 125 ಗ್ರಾಮಿಗೆ, ಒಂದರಿಂದ ಒಂದೂಕಾಲು ಚಮಚ. 150 ಗ್ರಾಮಿಗೆ ಒಂದೂಕಾಲು ಚಮಚ ಸಾಕು, ಚಾಕುವಿನಿಂದ ಸಮ ಮಾಡಿದ ಟೀ ಚಮಚ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆ, ಅಷ್ಟೇ ಪೌಡರಿಗೆ ಗುಳ್ಳೆ ಇಲ್ಲಿ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಮಂಗಳೂರಿನ ಮನೆಯಲ್ಲಿ ನಡೆಯುವ ಅಳತೆ ಇಲ್ಲಿ ಚೂರು ಜಾಸ್ತಿಯಾಗಬಹುದು, ಮಡಿಕೇರಿಯಲ್ಲಿ ಇನ್ನೂ ಜಾಸ್ತಿ. ನಾನು ಒಂದೂಕಾಲಿನಲ್ಲೇ ನಿಂತೆ. ಗುಂಡಿ ಹೋಯಿತು.

ಹಂತ 8: ಬೆಂದಿದೆ ಅಂತ ಹೇಗೆ ತಿಳಿಯುವುದು

ಕಡ್ಡಿ ಚುಚ್ಚುವುದು ಒಳ್ಳೆಯದೇ, ಆದರೆ ನಟ್ಟನಡುವೆಯೇ ಚುಚ್ಚಬೇಕು. ಬಿರುಕಿನ ಪಕ್ಕದಲ್ಲಿ ಚುಚ್ಚಿದರೆ ಕಡ್ಡಿ ಒಣಗಿ ಬಂದು ಮೋಸ ಮಾಡುತ್ತದೆ. 84 ಡಿಗ್ರಿಯ ಕೇಕಿಗೆ ಅಂಚಿನಿಂದ ಎರಡು ಇಂಚು ಒಳಗೆ ಚುಚ್ಚಿದ ಕಡ್ಡಿ ಶುಭ್ರವಾಗಿಯೇ ಬಂದಿತ್ತು.

ನಾನು ಮಲ್ಟಿಮೀಟರನ್ನು ನಂಬಿ ಇನ್ನೊಂದು ಕೇಕು ಹಾಳು ಮಾಡಿದೆ. ಹೊರದೇಶದ ಪಾಕವಿಧಾನಗಳಲ್ಲಿ ನಡುವಿನ ಬಿಸಿ 98, 99 ಆಗಲಿ ಅಂತ ಇರುತ್ತದೆ. ಕಾದೆ. ನಲವತ್ತನೇ ನಿಮಿಷಕ್ಕೆ 96 ಬಂತು. ಆಮೇಲೆ ಅಲುಗಾಡಲಿಲ್ಲ. ಐವತ್ತಾದರೂ 96, ಹೆಚ್ಚೆಂದರೆ 97. ಬೆಂಗಳೂರಿನಲ್ಲಿ ನೀರು ಕುದಿಯುವುದೇ 97ರ ಸುಮಾರಿಗೆ. ಒಳಗೆ ತೇವ ಇರುವವರೆಗೆ ಕೇಕು ಅದನ್ನು ದಾಟಿ ಏರುವುದಿಲ್ಲ. 99 ಬರಲಿ ಅಂತ ಕಾದರೆ ಬರುವುದು ಬಿಸ್ಕತ್ತು. ಇಲ್ಲಿ 95 ಬಂದರೆ ತೆಗೆಯಬಹುದು. ಅಲ್ಲಿಗೆ ತೆಗೆದದ್ದು ಯಾವುದೂ ಕುಸಿಯಲಿಲ್ಲ.

ಥರ್ಮೋಕಪಲ್ ಇಲ್ಲದಿದ್ದರೆ: ನಡುವೆ ಬೆರಳಿನಿಂದ ಮೆಲ್ಲಗೆ ಒತ್ತಿ. ಕುಳಿ ಮತ್ತೆ ಎದ್ದು ಬರಬೇಕು. ಕೇಕಿನ ಅಂಚು ಟಿನ್ನಿನಿಂದ ಒಂದು ಎಳೆಯಷ್ಟು ಬಿಟ್ಟಿರಬೇಕು. ಈ ಎರಡೂ ಇಲ್ಲದೆ ಬಣ್ಣ ಮಾತ್ರ ಬಂದಿದ್ದರೆ ಮೇಲೆ ಅಲ್ಯೂಮಿನಿಯಂ ಹಾಳೆ ಸಡಿಲವಾಗಿ ಹೊದಿಸಿ, ಇನ್ನಷ್ಟು ಹೊತ್ತು ಬಿಡಿ. ಹಾಳೆ ರಾಡಿಗೆ ತಾಗದಂತೆ ನೋಡಿಕೊಳ್ಳಿ.

ಹಂತ 9: ಈಗ ನಡೆಯುತ್ತಿರುವ ಕ್ರಮ

ಟೇಪಿನ 175ರಲ್ಲಿ ಇಪ್ಪತ್ತು ನಿಮಿಷ ಕಾಯಿಸುವುದು, ಸಂಜೆಯಾದರೆ ಇಪ್ಪತ್ತೈದು. ಖಾಲಿ ತಟ್ಟೆಯನ್ನು ಮೊದಲಿನಿಂದಲೇ ಕೆಳಗಿನ ಹಂತದಲ್ಲಿ ಬಿಡುವುದು, ಅದೂ ಬಿಸಿ ಹಿಡಿದಿಟ್ಟುಕೊಳ್ಳಲಿ ಅಂತ. ರಾಡು ಆರಿರುವಾಗ ಬಾಗಿಲು ತೆಗೆದು ಟಿನ್ ಇಟ್ಟು, ಲೆಕ್ಕ ಮಾಡಿ ಹತ್ತು ಸೆಕೆಂಡಿನೊಳಗೆ ಮುಚ್ಚುವುದು. ಟಿನ್ ಇಡುವುದು ಕೆಳಗಿನಿಂದ ಎರಡನೇ ಹಂತದಲ್ಲಿ, ತಲೆ ಮೇಲಿನ ರಾಡಿನಿಂದ ದೂರ ಇರುವಂತೆ. ಮೂವತ್ತು ನಿಮಿಷದವರೆಗೆ ಬಾಗಿಲು ಇಲ್ಲ, ಬಲ್ಬಿನ ಬೆಳಕಲ್ಲೇ ನೋಡುವುದು. ಮೂವತ್ತೈದರಿಂದ ಕಡ್ಡಿ.

ಖರ್ಚು ಬಲ್ಬಿಗೆ 180, ಥರ್ಮಾಮೀಟರಿಗೆ 400. ಮಲ್ಟಿಮೀಟರು ಮೊದಲೇ ಇತ್ತು, ಬೆಣ್ಣೆ ಮೊಟ್ಟೆಯ ಲೆಕ್ಕ ಅತ್ತಿಗೆ ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ.

ಬಾಕಿ ಉಳಿದದ್ದು ಮೊಟ್ಟೆಯಿಲ್ಲದ ಕೇಕು. ಮೊಸರು, ಅಡುಗೆ ಸೋಡಾ ಹಾಕಿ ಮಾಡುವುದು. ಇದೇ ಕ್ರಮದಲ್ಲಿ ಮಾಡಿದೆ, ಅರ್ಧ ಸೆಂಟಿಮೀಟರ್ ಗುಂಡಿ ಇನ್ನೂ ಇದೆ. ಮೊಟ್ಟೆ ಇಲ್ಲದ ಕಾರಣ ಗೋಡೆ ಹಿಡಿಯುವ ಕೆಲಸ ಪೂರ್ತಿ ಮೈದಾದ್ದೇ. ಮೊಸರಿಗೆ ಸೋಡಾ ಬಿದ್ದ ಕ್ಷಣದಿಂದಲೇ ನೊರೆ ಏಳುವುದರಿಂದ, ಕಲಸಿ ಹತ್ತು ನಿಮಿಷ ತಡ ಮಾಡಿದರೂ ಎದ್ದದ್ದು ಪಾತ್ರೆಯಲ್ಲೇ ಇಳಿಯುತ್ತದೆ. ಮುಂದಿನ ಸಲ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದು, ಸೋಡಾವನ್ನು ಕೊನೆಗೆ ಹಾಕಿ, ಓವನ್ನು ಕಾದ ಮೇಲಷ್ಟೇ ಕಲಸುವುದು ಅಂತ ಮಾತಾಗಿದೆ.